ನೆಲದ ಕೆಳಗಿನ 79 ಘನ ಮೀಟರ್

"ಈ ದುಡ್ಡಿಗೆ ನನ್ನ ಕಟ್ಟಡದಲ್ಲಿ ಏನು ಜಾಸ್ತಿ ಬಂತು?" ಅಂತ ಕಾರ್ಯದರ್ಶಿಗಳು ಕೇಳಿದ್ದರು. ಕೋಪದಲ್ಲಿ ಕೇಳಿದ್ದಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಮನುಷ್ಯ, ಶಾಲೆಯ ಟ್ರಸ್ಟಿನ ಲೆಕ್ಕವನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಕೈಯಲ್ಲಿ ನಾನು ಕೊಟ್ಟ ಒಂದೇ ಹಾಳೆ ಇತ್ತು. ಅದರಲ್ಲಿ ಮೂರು ಸಾಲು, ಕೆಳಗೆ ಒಂದು ಮೊತ್ತ: 9 ಲಕ್ಷದ 11 ಸಾವಿರ. ಪಕ್ಕದಲ್ಲಿ "ಹೆಚ್ಚುವರಿ ಅವಧಿ 21 ದಿನ". ನಾನು ಗುತ್ತಿಗೆದಾರರ ಕಡೆಯ ಬಿಲ್ಲಿಂಗ್ ಎಂಜಿನಿಯರ್. ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು, ಆದರೆ ಹಾಳೆಯಲ್ಲಿ ಇರಲಿಲ್ಲ.

ಒಂದು ಕೋಣೆ ಜಾಸ್ತಿ ಕಟ್ಟಿದ್ದರೆ ಮಾಲೀಕರು ಒಳಗೆ ಹೋಗಿ ನಿಂತು ನೋಡುತ್ತಾರೆ. ಗ್ರಾನೈಟ್ ಬದಲಾಯಿಸಿದ್ದರೆ ಕೈಯಾಡಿಸಿ ನೋಡುತ್ತಾರೆ. ಪಾಯದಲ್ಲಿ ಆದ ಬದಲಾವಣೆ ಹಾಗಲ್ಲ. ದುಡ್ಡು ಕೊಡುವ ಹೊತ್ತಿಗೆ ಅದರ ಮೇಲೆ ಮಣ್ಣು ಬಿದ್ದಿರುತ್ತೆ. ಅದೇ ಎರಡು ಮಹಡಿ, ಅದೇ ಹನ್ನೆರಡು ತರಗತಿ, ಬೆಲೆ ಮಾತ್ರ ಏರಿದೆ. ಹಾಗಿರುವಾಗ ವೇರಿಯೇಷನ್ ಆರ್ಡರ್, ಅಂದರೆ ಒಪ್ಪಂದದ ಕೆಲಸ ಬದಲಾದಾಗ ಅದರ ಹಣಕ್ಕೂ ಅವಧಿಗೂ ಮಾಲೀಕರ ಒಪ್ಪಿಗೆ, ಕೇಳುವವನು ಕಾಣದೇ ಇರುವುದನ್ನು ಕಾಗದದ ಮೇಲೆ ಕಾಣಿಸಬೇಕು. ಆ ಕೆಲಸ ನನಗೆ ಬಂದಿದ್ದು ಈ ಒಂದು ಶಾಲೆಯಿಂದ. ಇವತ್ತಿಗೂ ಯಾವುದೇ ವೇರಿಯೇಷನ್ ಬರೆಯಲು ಕೂತಾಗ ಅವರ ಆ ಪ್ರಶ್ನೆಯನ್ನು ಹಾಳೆಯ ತುದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡೇ ಶುರು ಮಾಡುತ್ತೇನೆ.

ಗುಂಡಿಯಲ್ಲಿ ಸಿಕ್ಕಿದ್ದು

ಬೆಂಗಳೂರಿನ ಹೊರವಲಯದ ಸೈಟು. ಒಟ್ಟು 24 ಫುಟಿಂಗ್, ಅಂದರೆ ಕಂಬಗಳ ಅಡಿಗೆ ಬರುವ ಅಗಲದ ಕಾಂಕ್ರೀಟ್ ಪಾದಗಳು. ಡ್ರಾಯಿಂಗ್ ಪ್ರಕಾರ ಎಲ್ಲದಕ್ಕೂ ನೆಲದಿಂದ ಒಂದೂವರೆ ಮೀಟರ್ ಆಳ, ತಳದಲ್ಲಿ 100 ಮಿಲಿಮೀಟರ್ ಬೆಡ್ ಕಾಂಕ್ರೀಟ್, ಅದರ ಮೇಲೆ ಫುಟಿಂಗ್. ಮಣ್ಣು ಒಂದು ಚದರ ಮೀಟರಿಗೆ 20 ಟನ್ ಭಾರ ಹೊರುತ್ತೆ ಅಂತ ಇಟ್ಟುಕೊಂಡು ಡಿಸೈನ್ ಮಾಡಿದ್ದರು. ಮಾಲೀಕರು ಮಾಡಿಸಿದ ಮಣ್ಣಿನ ಪರೀಕ್ಷೆಯಲ್ಲಿ ಎರಡು ಬೋರ್ ಹಾಕಿದ್ದರು. ಒಂದು ದಕ್ಷಿಣದ ಮೂಲೆಯಲ್ಲಿ, ಇನ್ನೊಂದು ಸುಮಾರು ನಡುವೆ. ಉತ್ತರದ ಕಡೆ ಬೋರ್ ಇರಲಿಲ್ಲ.

ದಕ್ಷಿಣದ 15 ಗುಂಡಿ ಸಲೀಸಾಗಿ ಆಯಿತು. ಉತ್ತರಕ್ಕೆ ಬಂದಾಗ ಜೆಸಿಬಿ ಬಕೆಟ್‌ನಲ್ಲಿ ಮೊದಲು ಒಡೆದ ಇಟ್ಟಿಗೆ ಬಂತು. ಆಮೇಲೆ ಮಂಗಳೂರು ಹೆಂಚಿನ ಚೂರು, ಟೈಲ್ಸ್, ತುಕ್ಕು ಹಿಡಿದ ಸರಳಿನ ತುಂಡು, ಮಣ್ಣು ಮೆತ್ತಿದ ಪ್ಲಾಸ್ಟಿಕ್ ಚೀಲ. ಆಪರೇಟರ್ ಇಂಜಿನ್ ನಿಲ್ಲಿಸಿ ನನ್ನ ಕಡೆ ನೋಡಿದ. ಮೇಸ್ತ್ರಿ ಗುಂಡಿಗೆ ಇಳಿದು, ಹನ್ನೆರಡು ಮಿಲಿಮೀಟರಿನ ಒಂದು ಸರಳು ತಗೊಂಡು ಕೈಯಿಂದಲೇ ತಳಕ್ಕೆ ಒತ್ತಿದ. ಮೊಣಕಾಲುದ್ದ ಒಳಗೆ ಹೋಯಿತು. "ಸಾರ್, ಇದು ತುಂಬಿಸಿರೋ ಜಾಗ" ಅಂದ. ಯಾವುದೋ ಕಾಲದಲ್ಲಿ ಅಲ್ಲಿ ದೊಡ್ಡ ಹೊಂಡ ಇದ್ದಿರಬೇಕು, ಕಟ್ಟಡ ಒಡೆದ ಡೆಬ್ರಿಸ್ ತಂದು ಸುರಿದು ಮೇಲೆ ಒಂದಡಿ ಕೆಂಪು ಮಣ್ಣು ಎಳೆದಿದ್ದರು. ಮೇಲಿಂದ ನೋಡಿದರೆ ಎರಡೂ ಕಡೆ ಒಂದೇ ಬಣ್ಣ.

ಅವತ್ತು ನಾನು ಮಾಡಿದ ಒಂದು ಕೆಲಸ ಕೊನೆಯವರೆಗೂ ಕೈಹಿಡಿಯಿತು. ಅಳತೆಯ ಗುರುತುಗಳಿರುವ ಲೆವೆಲಿಂಗ್ ಸ್ಟಾಫನ್ನು ಗುಂಡಿಯೊಳಗೆ ನಿಲ್ಲಿಸಿ, ಫುಟಿಂಗ್ ನಂಬರ್ ಬರೆದ ಹಲಗೆ ಪಕ್ಕದಲ್ಲಿಟ್ಟು, ಒಂಬತ್ತೂ ಗುಂಡಿಯ ಫೋಟೋ ತೆಗೆದೆ. ಮಾಡಬೇಕಾಗಿದ್ದ ಇನ್ನೊಂದು ಕೆಲಸ ಅವತ್ತು ತಪ್ಪಿತು. ಸಂಜೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ, "ಗಟ್ಟಿ ನೆಲ ಸಿಗೋವರೆಗೂ ಇಳೀರಿ, ಅಲ್ಲಿಂದ ಮೇಲಕ್ಕೆ ಒಂದು-ನಾಲ್ಕು-ಎಂಟು ಕಾಂಕ್ರೀಟ್ ತುಂಬಿಸಿ, ಫುಟಿಂಗ್ ಮೊದಲಿನ ಮಟ್ಟದಲ್ಲೇ ಇರಲಿ" ಅಂತ ಬಾಯಿಮಾತಲ್ಲಿ ಹೇಳಿ ಹೋದರು. ಒಂದು-ನಾಲ್ಕು-ಎಂಟು ಅಂದರೆ ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿ. ಅವರ ಮಾತನ್ನು ಅವತ್ತೇ ರಾತ್ರಿ ಬರೆದು ಅವರಿಗೂ ಮಾಲೀಕರಿಗೂ ಮೇಲ್ ಕಳಿಸಬೇಕಿತ್ತು. ನಾನು ಕಳಿಸಿದ್ದು ಆರು ದಿನ ಬಿಟ್ಟು. ನಮ್ಮ ಒಪ್ಪಂದ ಸಣ್ಣದು, ಅದರಲ್ಲಿ ನೋಟಿಸಿಗೆ ಗಡುವು ಇರಲಿಲ್ಲ, ಹಾಗಾಗಿ ಬಚಾವಾದೆವು. ಫಿಡಿಕ್ ಎಂಬ ಅಂತರರಾಷ್ಟ್ರೀಯ ಎಂಜಿನಿಯರುಗಳ ಒಕ್ಕೂಟದ ಮಾದರಿಯ ದೊಡ್ಡ ಒಪ್ಪಂದಗಳಲ್ಲಿ ಕ್ಲೇಮಿನ ವಿಷಯ ಗೊತ್ತಾದ 28 ದಿನದೊಳಗೆ ನೋಟಿಸ್ ಕೊಡದೇ ಇದ್ದರೆ ಹಕ್ಕೇ ಹೋಗುತ್ತೆ. ಆದರೆ ಗಡುವಿಗಿಂತ ದೊಡ್ಡ ವಿಷಯ ಬೇರೆ ಇದೆ. ಆ ಆರು ದಿನ ಕಾರ್ಯದರ್ಶಿಗಳಿಗೆ ತಮ್ಮ ಸೈಟಿನಲ್ಲಿ ಏನಾಗುತ್ತಿದೆ ಅಂತಲೇ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಂದು ಗುಂಡಿ ನೋಡುತ್ತಿದ್ದರು. ಅವರು ಬರುವ ಹೊತ್ತಿಗೆ ನಾಲ್ಕು ಗುಂಡಿಗೆ ಕಾಂಕ್ರೀಟ್ ಬಿದ್ದಾಗಿತ್ತು.

ಮೊದಲು ಏನು ಕೊಂಡಿದ್ದರು, ಈಗ ಏನು ಕೊಳ್ಳುತ್ತಿದ್ದಾರೆ

ನನ್ನ ಮೊದಲ ಹಾಳೆಯಲ್ಲಿ ಸ್ಕೋಪ್ ಬದಲಾವಣೆ ಅಂತ ಬರೆದಿದ್ದು ಇಷ್ಟೇ: "ಮಣ್ಣಿನ ಸ್ಥಿತಿ ಸರಿ ಇಲ್ಲದ ಕಾರಣ ಹೆಚ್ಚುವರಿ ಪಾಯದ ಕೆಲಸ." ಇದನ್ನು ಓದಿದ ಮಾಲೀಕರಿಗೆ ಏನೂ ತಿಳಿಯಲ್ಲ. ಯಾವ ಫುಟಿಂಗ್? ಎಷ್ಟು ಆಳ? ಯಾರು ಹೇಳಿದರು? ಬೇರೆ ದಾರಿ ಇರಲಿಲ್ವಾ?

ಎರಡನೇ ಸಲ ಬರೆದಾಗ ಮೊದಲ ಪ್ಯಾರಾದಲ್ಲಿ ಹಳೆಯದನ್ನೇ ಬರೆದೆ. ಒಪ್ಪಂದದ ಡ್ರಾಯಿಂಗ್‌ನಲ್ಲಿ ಉತ್ತರದ ಒಂಬತ್ತು ಫುಟಿಂಗ್ ಎಷ್ಟು ಆಳಕ್ಕಿದ್ದವು, ಕೆಲಸಗಳ ಪ್ರಮಾಣ ಮತ್ತು ದರದ ಪಟ್ಟಿಯಾದ ಬಿಲ್ ಆಫ್ ಕ್ವಾಂಟಿಟಿಯಲ್ಲಿ ಅದಕ್ಕೆ ಎಷ್ಟು ಅಗೆತ, ಎಷ್ಟು ಬೆಡ್ ಕಾಂಕ್ರೀಟ್ ಲೆಕ್ಕ ಹಾಕಿತ್ತು. ಎರಡನೇ ಪ್ಯಾರಾದಲ್ಲಿ ಹೊಸದು. ನಾಲ್ಕು ಗುಂಡಿಗೆ 2.7 ಮೀಟರಿನಲ್ಲಿ ಗಟ್ಟಿ ಮುರಂ ಸಿಕ್ಕಿತು, ಐದಕ್ಕೆ 3.3 ಮೀಟರಿನಲ್ಲಿ. ಅಂದರೆ ಡ್ರಾಯಿಂಗ್‌ಗಿಂತ ನಾಲ್ಕಕ್ಕೆ 1.2 ಮೀಟರ್, ಐದಕ್ಕೆ 1.8 ಮೀಟರ್ ಜಾಸ್ತಿ. ಪ್ರತಿ ಗುಂಡಿಯ ತಳದ ಲೆವೆಲ್ಲಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇತ್ತು, ಅದನ್ನೂ ಫೋಟೋವನ್ನೂ ಹಿಂದೆ ಲಗತ್ತಿಸಿದೆ. ಜೊತೆಗೆ ಕೈಯಲ್ಲೇ ಒಂದು ಅಡ್ಡಕೊಯ್ತದ ಚಿತ್ರ ಬಿಡಿಸಿದೆ. ಎಡಕ್ಕೆ ಹಳೇ ಗುಂಡಿ, ಬಲಕ್ಕೆ ಹೊಸ ಗುಂಡಿ, ಎರಡರಲ್ಲೂ ಫುಟಿಂಗ್ ಒಂದೇ ಮಟ್ಟದಲ್ಲಿ, ಬಲಗಡೆಯದಕ್ಕೆ ಮಾತ್ರ ಕೆಳಗೆ ಒಂದು ಕಾಂಕ್ರೀಟ್ ಪೀಠ. ಇಡೀ ಕಡತದಲ್ಲಿ ಕಾರ್ಯದರ್ಶಿಗಳು ಜಾಸ್ತಿ ಹೊತ್ತು ನೋಡಿದ್ದು ಆ ಚಿತ್ರವನ್ನೇ.

ಮೂರನೇ ಪ್ಯಾರಾ ಬೇರೆ ದಾರಿಗಳದ್ದು. ಇದನ್ನು ಜನ ಬಿಟ್ಟುಬಿಡುತ್ತಾರೆ, ಮಾಲೀಕರ ಮನಸ್ಸಿನಲ್ಲಿ ಮೊದಲು ಏಳುವುದೇ ಈ ಅನುಮಾನ. ಫುಟಿಂಗನ್ನೇ ಕೆಳಗಿಳಿಸಿ ಕಂಬವನ್ನು ಉದ್ದ ಮಾಡಬಹುದಿತ್ತು. ಆಗ ತುಂಬಿಸುವ ಕಾಂಕ್ರೀಟ್ ಉಳಿಯುತ್ತಿತ್ತು. ಆದರೆ ಕಂಬದ ಕಬ್ಬಿಣ ಜಾಸ್ತಿ, ನೆಲದ ಕೆಳಗೆ ಉದ್ದ ಕಂಬ ಅಲುಗದಂತೆ ನಡುವೆ ಟೈ ಬೀಮ್, ಎಲ್ಲಕ್ಕೂ ಹೊಸ ಡಿಸೈನ್, ಅದು ಕೈಗೆ ಬರುವವರೆಗೂ ಗುಂಡಿ ತೆರೆದೇ ಇರಬೇಕು. ಡೆಬ್ರಿಸ್ ಗೋಡೆಯ ಗುಂಡಿಯನ್ನು ಹಾಗೆ ಬಿಡುವಂತಿಲ್ಲ. ಒಂದು ಕಡೆ ಆಗಲೇ ಕುಸಿದಿತ್ತು. ಹೀಗಾಗಿ ಕಾಂಕ್ರೀಟ್ ತುಂಬುವ ದಾರಿ ಹಿಡಿದೆವು ಅಂತ ನಾಲ್ಕು ಸಾಲಲ್ಲಿ ಬರೆದು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರವೇ ಸಹಿ ಹಾಕಿಸಿದೆ. ನಾನು ಹೇಳಿದರೆ ಗುತ್ತಿಗೆದಾರ ಹೇಳಿದಂತೆ. ಅವರು ಹೇಳಿದರೆ ಮಾಲೀಕರ ಎಂಜಿನಿಯರ್ ಹೇಳಿದಂತೆ.

ಇನ್ನೊಂದು ಪ್ರಶ್ನೆ: ಈ ಖರ್ಚು ಮಾಲೀಕರ ಮೇಲೆ ಯಾಕೆ ಬೀಳಬೇಕು? ನಮ್ಮದು ಐಟಂ ರೇಟ್ ಒಪ್ಪಂದ, ಅಂದರೆ ಪ್ರತಿ ಕೆಲಸಕ್ಕೂ ಒಂದು ದರ, ಮಾಡಿದಷ್ಟಕ್ಕೆ ಹಣ. ಆಳ ಸೈಟಿನ ಸ್ಥಿತಿಯಂತೆ ಬದಲಾಗಬಹುದು, ಅಳತೆ ಮಾಡಿ ಹಣ ಕೊಡುತ್ತೇವೆ ಅಂತ ಸ್ಪಷ್ಟವಾಗಿ ಬರೆದಿತ್ತು. ಆ ಸಾಲನ್ನು ಪುಟದ ನಂಬರ್ ಸಮೇತ ಎತ್ತಿ ಹಾಕಿದೆ. ಇದೇ ಕೆಲಸ ಲಂಪ್‌ಸಮ್, ಅಂದರೆ ಇಡೀ ಕೆಲಸಕ್ಕೆ ಒಂದೇ ನಿಗದಿ ಮೊತ್ತ ಆಗಿದ್ದು, ನೆಲದ ಹೊಣೆ ಗುತ್ತಿಗೆದಾರನದು ಅಂತ ಬರೆದಿದ್ದರೆ, ಎಷ್ಟೇ ಚೆನ್ನಾಗಿ ಲೆಕ್ಕ ತೋರಿಸಿದರೂ ಹಣ ಸಿಗುತ್ತಿರಲಿಲ್ಲ. ಹಾಗಾಗಿ ಲೆಕ್ಕ ಶುರು ಮಾಡುವ ಮುಂಚೆ ಆ ಸಾಲನ್ನು ಹುಡುಕಬೇಕು.

ಎರಡು ಸಲ ಎಣಿಸಿದ ಐದು ಘನ ಮೀಟರ್

ಮೊದಲ ಹಾಳೆ ಬಿದ್ದುಹೋಗಿದ್ದು ಒಂದು ಸಣ್ಣ ತಪ್ಪಿನಿಂದ. ಬೆಡ್ 2.4 ಮೀಟರ್ ಚೌಕ, ಅಂದರೆ 5.76 ಚದರ ಮೀಟರ್. ಹೆಚ್ಚಾದ ಆಳವನ್ನೆಲ್ಲ ಕೂಡಿದರೆ ನಾಲ್ಕು ಸಲ 1.2, ಐದು ಸಲ 1.8, ಒಟ್ಟು 13.8 ಮೀಟರ್. ಗುಣಿಸಿದರೆ 79.49 ಘನ ಮೀಟರ್. ಆದರೆ ನಾನು ಬರೆದಿದ್ದು 84.67. ಯಾಕೆಂದರೆ ಗುಂಡಿಯ ತಳದಿಂದ ಫುಟಿಂಗಿನ ಅಡಿಯವರೆಗೆ ಟೇಪ್ ಹಿಡಿದು ಅಳೆದಿದ್ದೆ. ಆ ಎತ್ತರದಲ್ಲಿ ಮೇಲಿನ 100 ಮಿಲಿಮೀಟರ್ ಡ್ರಾಯಿಂಗ್‌ನಲ್ಲಿ ಮೊದಲಿನಿಂದಲೂ ಇದ್ದ ಬೆಡ್. ಅದಕ್ಕೆ ಮೂಲ ಬಿಲ್ಲಿನಲ್ಲೇ ಹಣ ಬರುತ್ತೆ. ಒಂಬತ್ತು ಗುಂಡಿಯಲ್ಲಿ ಅದು 5.18 ಘನ ಮೀಟರ್. ಅದನ್ನು ಎರಡು ಸಲ ಎಣಿಸಿದ್ದೆ.

ಮಾಲೀಕರ ಪರವಾಗಿ ಬಿಲ್ ನೋಡುತ್ತಿದ್ದ ಎಂಜಿನಿಯರ್ ಅದನ್ನು ಸುಮಾರು ಐದು ನಿಮಿಷದಲ್ಲಿ ಹಿಡಿದರು. ಹಣದ ಲೆಕ್ಕದಲ್ಲಿ ಅದು 25 ಸಾವಿರ. ಆದರೆ ಅಲ್ಲಿಂದ ಮುಂದೆ ಅವರು ಯಾವ ಅಂಕಿಯನ್ನೂ ನಂಬಲಿಲ್ಲ. "ಇಲ್ಲಿ ಹೀಗಾದ್ರೆ ಬೇರೆ ಕಡೆ ಏನಾಗಿದೆಯೋ, ಎಲ್ಲಾ ಮತ್ತೆ ತನ್ನಿ" ಅಂದರು. ನ್ಯಾಯವಾದ ಮಾತು. ಕೋಣೆಯಲ್ಲಿ ಇನ್ನೇನೂ ಚರ್ಚೆ ಆಗಲಿಲ್ಲ.

ಇದಾದ ಮೇಲೆ ನಾನು ಯಾವಾಗಲೂ ಮೂರು ಕಾಲಂ ಹಾಕುತ್ತೇನೆ: ಒಪ್ಪಂದದಲ್ಲಿ ಇದ್ದದ್ದು, ಈಗ ಮಾಡಿದ್ದು, ವ್ಯತ್ಯಾಸ. ಹಣ ಕೇಳುವುದು ಮೂರನೇ ಕಾಲಮ್ಮಿಗೆ ಮಾತ್ರ. ಕೆಲಸ ಕಡಿಮೆಯಾದದ್ದೂ ಅದೇ ಕಾಲಮ್ಮಿನಲ್ಲಿ ಮೈನಸ್ ಆಗಿ ಬರುತ್ತೆ.

ಅಳತೆಯನ್ನು ಬೇರೆ ದಾರಿಯಿಂದ ಪರೀಕ್ಷಿಸಲು ಸಿಮೆಂಟ್ ರಿಜಿಸ್ಟರ್ ಒಳ್ಳೆಯ ಸಾಕ್ಷಿ. ಒಂದು-ನಾಲ್ಕು-ಎಂಟು ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು 170 ಕಿಲೋ ಸಿಮೆಂಟ್ ಬೇಕು, ಅಂದರೆ 3.4 ಚೀಲ. ಹಳೇ ಬೆಡ್ ಸೇರಿ 84.67 ಘನ ಮೀಟರಿಗೆ 288 ಚೀಲ ಆಗಬೇಕು. ಉತ್ತರದ ಪಾಯಕ್ಕೆ ಅಂತ ಸ್ಟೋರಿನಿಂದ ಹೋಗಿದ್ದು 291. ಮೂರು ಚೀಲ ಹೆಚ್ಚುಕಮ್ಮಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು, 5.18 ಘನ ಮೀಟರಿನ ಸಿಮೆಂಟ್ ಮೂಲ ಬಿಲ್ಲಿಗೆ ಸೇರಿದ್ದು ಅಂತ ನಾನೇ ಬರೆದೆ. ಆ ಎಂಜಿನಿಯರ್ ಮತ್ತೆ ನನ್ನ ಅಳತೆಯ ಬಗ್ಗೆ ಪ್ರಶ್ನೆ ಮಾಡಿದ್ದು ನೆನಪಿಲ್ಲ. ಕಾಂಕ್ರೀಟ್ ಮುಚ್ಚಿಹೋಗಿತ್ತು, ಆದರೆ ಚೀಲಗಳ ಲೆಕ್ಕ ಪುಸ್ತಕದಲ್ಲಿ ಉಳಿದಿತ್ತು.

ದರ ಎಲ್ಲಿಂದ ಬಂತು

ಬೆಡ್ ಕಾಂಕ್ರೀಟಿಗೆ ಒಪ್ಪಂದದಲ್ಲಿ ದರ ಇತ್ತು, ಘನ ಮೀಟರಿಗೆ 4,900 ರೂಪಾಯಿ. ಅದೇ ಮಿಶ್ರಣ, ಅದೇ ದರ ಅಂತ ನಮ್ಮ ಮಾಲೀಕರ ವಾದ. ನಮ್ಮ ಮಾಲೀಕರು ಅಂದರೆ ಗುತ್ತಿಗೆದಾರರು. ಕೇಳಿದರೆ ಸರಿ ಅನ್ನಿಸುತ್ತೆ. ಎದುರಿನ ಎಂಜಿನಿಯರ್ ಅಂದಿದ್ದು ಬೇರೆ: "ನಾಲ್ಕು ಇಂಚು ಬೆಡ್ ಹಾಕೋದು ಬೇರೆ, ಆರಡಿ ಗುಂಡಿ ತುಂಬೋದು ಬೇರೆ. ಬೆಡ್ಡಿಗೆ ಮಟ್ಟ ನೋಡಬೇಕು, ಮೇಲ್ಮೈ ತೀಡಬೇಕು. ಇಲ್ಲಿ ಸುರಿದು ವೈಬ್ರೇಟರ್ ಹಾಕಿದ್ರೆ ಆಯ್ತು." ಇದು ಇನ್ನೂ ಸರಿ ಅನ್ನಿಸಿತು, ಯಾಕೆಂದರೆ ಗುಂಡಿಯ ದಂಡೆಯಲ್ಲಿ ನಿಂತು ನಾನೇ ನೋಡಿದ್ದೆ. ಗಾರೆ ಕೆಲಸದವರು ಒಂದು ದಿನದಲ್ಲಿ ಬೆಡ್ಡಿಗಿಂತ ಎಷ್ಟೋ ಜಾಸ್ತಿ ತುಂಬುತ್ತಿದ್ದರು.

ಹಾಗಂತ ದರವನ್ನು ಗಾಳಿಯಲ್ಲಿ ಕಟ್ಟುವಂತಿಲ್ಲ. ಹಳೇ ದರವನ್ನೇ ಬಿಚ್ಚಿ, ಬದಲಾದ ಭಾಗವನ್ನು ಮಾತ್ರ ಬದಲಿಸಿದೆ. 4,900ರಲ್ಲಿ ಶೇಕಡಾ 15 ಓವರ್‌ಹೆಡ್ ಮತ್ತು ಲಾಭ ಸೇರಿದೆ. ತೆಗೆದರೆ 4,261. ಅದರಲ್ಲಿ ಸಾಮಾನು 3,120: ಸಿಮೆಂಟಿಗೆ 1,190, ಎಂ-ಸ್ಯಾಂಡಿಗೆ 800, ಜಲ್ಲಿಗೆ 1,130. ಉಳಿದ 1,141 ಕೂಲಿ, ಮಿಕ್ಸರ್, ಕ್ಯೂರಿಂಗ್. ಸಾಮಾನು ಹಾಗೇ ಇರುತ್ತೆ. ಮಟ್ಟ ಮಾಡುವ ಕೂಲಿ ಹೋಯಿತು, ಆಳಕ್ಕೆ ಕಾಂಕ್ರೀಟ್ ಇಳಿಸಲು ತಗಡಿನ ಜಾರುಬಂಡಿ ಕಟ್ಟಿದ್ದು ಸೇರಿತು, ಕೂಲಿ ಭಾಗ 800ಕ್ಕೆ ನಿಂತಿತು. 3,920ಕ್ಕೆ ಮತ್ತೆ ಶೇಕಡಾ 15 ಸೇರಿಸಿದರೆ 4,508. ಇದು ಒಪ್ಪಂದದ ದರಕ್ಕಿಂತ 392 ರೂಪಾಯಿ ಕಡಿಮೆ. 79.49 ಘನ ಮೀಟರಿಗೆ 3,58,341 ರೂಪಾಯಿ.

ನಮ್ಮವರಿಗೆ ಇದು ಇಷ್ಟ ಆಗಲಿಲ್ಲ. ಸುಮಾರು 31 ಸಾವಿರ ಬಿಟ್ಟುಕೊಟ್ಟ ಹಾಗಾಯಿತಲ್ಲ ಅಂದರು. ನಾನು ಹೇಳಿದ್ದು ಇಷ್ಟೇ: ಮುಂದಿನ ಐಟಂನಲ್ಲಿ ಒಪ್ಪಂದದ ದರ ನಮಗೆ ಸಾಲುವುದಿಲ್ಲ. ಅಲ್ಲಿ ದರ ಬಿಚ್ಚಿ ಏರಿಸಿ ಅಂತ ಕೇಳಬೇಕಾದರೆ, ಇಲ್ಲಿ ದರ ಬಿಚ್ಚಿ ಇಳಿಸಲೂ ಒಪ್ಪಬೇಕು.

ಆ ಮುಂದಿನ ಐಟಂ ಅಗೆತ. ಒಂದೂವರೆ ಮೀಟರ್‌ವರೆಗೆ ಘನ ಮೀಟರಿಗೆ 220 ರೂಪಾಯಿ ಇತ್ತು, ಅದಕ್ಕಿಂತ ಆಳಕ್ಕೆ ದರವೇ ಇರಲಿಲ್ಲ. ಕಟ್ಟಡ ಕೆಲಸದ ಅಳತೆಗೆ ಇರುವ ಭಾರತೀಯ ಮಾನಕ ಐಎಸ್ 1200 ಪ್ರಕಾರ ಅಗೆತವನ್ನು ಒಂದೂವರೆ ಮೀಟರಿನ ಹಂತಗಳಲ್ಲಿ ಅಳೆಯುತ್ತಾರೆ, ಕೆಳಗಿನ ಹಂತಕ್ಕೆ ದರ ಬೇರೆ. ತೊಡಕು ಬಂದಿದ್ದು ಇಳಿಜಾರಿನಲ್ಲಿ. ಡೆಬ್ರಿಸ್ ನೆಟ್ಟಗೆ ನಿಲ್ಲಲ್ಲ. ಮೂರು ಮೀಟರ್ ಆಳದಲ್ಲಿ ಜನ ಇಳಿದು ಕೆಲಸ ಮಾಡಬೇಕಾದರೆ ಬದಿಗಳನ್ನು ಓರೆಯಾಗಿ ಕಡಿಯಲೇಬೇಕು. ತಳದಲ್ಲಿ 2.4 ಮೀಟರ್ ಇದ್ದ ಗುಂಡಿ ಮೇಲೆ ಐದು ಮೀಟರಿಗೂ ಅಗಲ ಆಗಿತ್ತು. ಆದರೆ ಅಳತೆಗೆ ಸಿಗುವುದು ಬೆಡ್ಡಿನ ಅಗಲ ಮಾತ್ರ. ಓರೆ ಕಡಿದದ್ದು ಅಳತೆಯಲ್ಲಿ ಬರಲ್ಲ, ಹಾಗಾಗಿ ಅದು ದರದೊಳಗೆ ಬರಬೇಕು.

ಮೊದಲ ಹಾಳೆಯಲ್ಲಿ ಇದಕ್ಕೆಲ್ಲ ಸೇರಿ 3,60,000 ಅಂತ ಒಂದೇ ಅಂಕಿ ಬರೆದಿದ್ದೆ. ಎರಡನೇ ಸಲ ಜೆಸಿಬಿಯ ಲಾಗ್ ಪುಸ್ತಕ ತೆಗೆದು ಕೂತೆ. ಉತ್ತರದ ಕೆಳಹಂತಕ್ಕೆ 38 ಗಂಟೆ, ಗಂಟೆಗೆ 1,200, ಅಂದರೆ 45,600. ಡೆಬ್ರಿಸ್ ಹೊರಹಾಕಲು ಟಿಪ್ಪರ್ 30 ಲೋಡ್, ಲೋಡಿಗೆ 1,500, ಅಂದರೆ 45,000. ತಳ ಹದ ಮಾಡಲು 18 ಆಳು, 14,400. ಓರೆ ಜಾಗಕ್ಕೆ ಡೆಬ್ರಿಸ್ ಮತ್ತೆ ತುಂಬುವಂತಿಲ್ಲ, ಮುರಂ ತರಿಸಿದ್ದು 18 ಲೋಡ್, 54,000. ಒಟ್ಟು 1,59,000, ಶೇಕಡಾ 15 ಸೇರಿ 1,82,850. ಮೊದಲು ಕೇಳಿದ್ದರ ಅರ್ಧ. ಇದನ್ನು 79.49ರಿಂದ ಭಾಗಿಸಿ ಘನ ಮೀಟರಿಗೆ 2,300 ಅಂತ ಬರೆದರೆ, 220ರ ಪಕ್ಕದಲ್ಲಿ ಅದನ್ನು ನೋಡಿದವರು ಬೆಚ್ಚಿಬೀಳುತ್ತಾರೆ. ಅದಕ್ಕೇ ಘನ ಮೀಟರಿನ ದರವಾಗಿ ತೋರಿಸಲಿಲ್ಲ, ನಾಲ್ಕು ಸಾಲಾಗಿಯೇ ಬಿಟ್ಟು ಪ್ರತಿ ಸಾಲಿಗೂ ಅದರ ಪುಸ್ತಕದ ಪುಟ ತೋರಿಸಿದೆ.

ಮುರಂ 18 ಲೋಡಿನಲ್ಲಿ ನಾಲ್ಕು ಚೀಟಿಗೆ ಮಾಲೀಕರ ಸೂಪರ್‌ವೈಸರ್ ಸಹಿ ಇರಲಿಲ್ಲ. ಲೋಡು ಬಂದಿದ್ದು ನಿಜ, ನಾನೇ ನಿಂತು ಇಳಿಸಿಕೊಂಡಿದ್ದೆ, ರಾತ್ರಿ ಎಂಟು ಗಂಟೆ ಆಗಿತ್ತು. ಆದರೂ ಆ ನಾಲ್ಕು ಲೋಡು ಹೋಯಿತು, ಶೇಕಡಾ 15 ಸೇರಿ 13,800 ರೂಪಾಯಿ. ವಾದ ಮಾಡಲಿಲ್ಲ.

(ಜಿಎಸ್‌ಟಿ ಬಗ್ಗೆ ಒಂದು ಮಾತು. ಸಿಮೆಂಟ್ ಕೊಳ್ಳುವಾಗ ನಾವು ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗುತ್ತೆ. ಆದ್ದರಿಂದ ದರ ಬಿಚ್ಚುವಾಗ ಸಾಮಾನಿನ ಬೆಲೆ ತೆರಿಗೆ ಬಿಟ್ಟೇ ಹಿಡಿಯಬೇಕು, ಕೊನೆಯ ಮೊತ್ತದ ಮೇಲೆ ಶೇಕಡಾ 18 ಒಂದೇ ಸಲ ಹಾಕಬೇಕು. ಇನ್‌ವಾಯ್ಸಿನ ಕೆಳಗಿನ ಮೊತ್ತವನ್ನೇ ದರಕ್ಕೆ ಎತ್ತಿ ಹಾಕಿದರೆ ಮಾಲೀಕರು ತೆರಿಗೆಯ ಮೇಲೆ ತೆರಿಗೆ ಕೊಟ್ಟ ಹಾಗಾಗುತ್ತೆ.)

17 ದಿನ ಕೆಲಸ, 9 ದಿನ ತಡ

ಅವಧಿಯ ವಿಷಯದಲ್ಲಿ ನಾವೆಲ್ಲ ಮಾಡುವ ತಪ್ಪು ಒಂದೇ. ಹೆಚ್ಚುವರಿ ಕೆಲಸಕ್ಕೆ ಎಷ್ಟು ದಿನ ಹಿಡಿಯಿತೋ ಅಷ್ಟು ದಿನ ಕಟ್ಟಡವೂ ತಡವಾಯಿತು ಅಂತ ಬರೆಯುತ್ತೇವೆ. ನಾನು ಅದಕ್ಕೆ ನಾಲ್ಕು ದಿನ ಸುಮ್ನೆ ಸೇರಿಸಿ 21 ಅಂದಿದ್ದೆ. ಶಾಲೆಯವರಿಗೆ ಇದು ಹಣಕ್ಕಿಂತ ದೊಡ್ಡ ವಿಷಯ. ಜೂನ್ ಮೊದಲ ವಾರ ಮಕ್ಕಳು ಬಂದು ಕೂರಬೇಕು. "21 ದಿನ ಅಂದ್ರೆ ನಾನು ಪೋಷಕರಿಗೆ ಏನು ಹೇಳಲಿ?" ಅಂತ ಕಾರ್ಯದರ್ಶಿಗಳು ಕೇಳಿದಾಗ ಆ ನಾಲ್ಕು ದಿನಕ್ಕೆ ನನ್ನ ಹತ್ತಿರ ಒಂದು ಕಾರಣವೂ ಇರಲಿಲ್ಲ.

ಸೈಟ್ ಡೈರಿ ತೆಗೆದು ದಿನ ದಿನ ಬರೆದೆ. ಕೆಳಹಂತ ಅಗೆಯಲು 7 ದಿನ, ತುಂಬಲು 6, ಮೇಲಿನ ಫುಟಿಂಗ್ ಶುರು ಮಾಡುವಷ್ಟು ಗಟ್ಟಿಯಾಗಲು ಮತ್ತು ಮಟ್ಟ ಹಿಡಿಯಲು 4. ಒಟ್ಟು 17. ಆದರೆ ಈ ದಿನಗಳಲ್ಲಿ ದಕ್ಷಿಣದ ಕಡೆ ನಾವು ಸುಮ್ಮನೆ ಕೂತಿರಲಿಲ್ಲ. ಮೂಲ ಕಾರ್ಯಕ್ರಮದಲ್ಲಿ 24 ಫುಟಿಂಗೂ ಮುಗಿದ ಮೇಲೆ ಪ್ಲಿಂತ್ ಬೀಮ್, ಅಂದರೆ ನೆಲಮಟ್ಟದಲ್ಲಿ ಕಂಬಗಳನ್ನು ಜೋಡಿಸುವ ತೊಲೆ, ಅಂತ ಇತ್ತು. ಅದನ್ನು ಒಡೆದು, ದಕ್ಷಿಣದ ಪ್ಲಿಂತ್ ಬೀಮಿನ ಕಬ್ಬಿಣ, ಶಟರಿಂಗ್ ಮೊದಲೇ ಶುರು ಮಾಡಿದ್ದೆವು. ಅದರಿಂದ 8 ದಿನ ವಾಪಸ್ ಸಿಕ್ಕಿತು. ಪೂರ್ತಿ ಪ್ಲಿಂತ್ ಮುಗಿದ ದಿನವನ್ನು ಮೂಲ ತಾರೀಕಿಗೆ ಹೋಲಿಸಿದರೆ ತಡವಾಗಿದ್ದು 9 ದಿನ. ಹಳೇ ಬಾರ್ ಚಾರ್ಟ್ ಮೇಲೆ, ನಿಜವಾಗಿ ನಡೆದದ್ದು ಕೆಳಗೆ, ಒಂದೇ ಹಾಳೆಯಲ್ಲಿ ಬಿಡಿಸಿ ಕೊಟ್ಟೆ.

ಇನ್ನೊಂದು ವಿಷಯ ಹೇಳಬೇಕೋ ಬೇಡವೋ ಅಂತ ಎರಡು ರಾತ್ರಿ ಯೋಚಿಸಿದ್ದೆ. ಅದೇ ದಿನಗಳಲ್ಲಿ ಉತ್ತರದ ಫುಟಿಂಗ್ ಜಾಲರಿಯ ಕಬ್ಬಿಣ ನಮ್ಮ ಕಡೆಯಿಂದಲೇ 4 ದಿನ ತಡವಾಗಿ ಬಂದಿತ್ತು. ಗುಂಡಿ ಗಟ್ಟಿ ಸಿಕ್ಕಿದ್ದರೂ ಆ 4 ದಿನ ನಾವು ನಿಲ್ಲಲೇಬೇಕಿತ್ತು. ಗೇಟಿನ ರಿಜಿಸ್ಟರಿನಲ್ಲಿ ಲಾರಿ ಬಂದ ತಾರೀಕು ಇದೆ, ಎದುರಿನವರು ಇವತ್ತಲ್ಲ ನಾಳೆ ನೋಡುತ್ತಾರೆ. ನಾನೇ ಬರೆದೆ. ಎರಡು ಕಡೆಯ ತಡವೂ ಒಂದೇ ಹೊತ್ತಿಗೆ ಬಿದ್ದಾಗ ಸಾಮಾನ್ಯವಾಗಿ ಒಪ್ಪುವ ಪದ್ಧತಿ ಏನೆಂದರೆ, ಸಮಯ ಪೂರ್ತಿ ಸಿಗುತ್ತೆ, ಆದರೆ ಆ ಜಂಟಿ ದಿನಗಳ ಖರ್ಚು ಸಿಗಲ್ಲ. ಹಾಗಾಗಿ 9 ದಿನ ಅವಧಿ ಕೇಳಿದೆ, ಖರ್ಚು 5 ದಿನಕ್ಕೆ ಮಾತ್ರ.

ಸೈಟ್ ನಡೆಸುವ ಖರ್ಚು ದಿನಕ್ಕೆ 6,500 ಇತ್ತು. ಸೂಪರ್‌ವೈಸರ್, ವಾಚ್‌ಮನ್, ಮಿಕ್ಸರ್ ಬಾಡಿಗೆ, ಶೀಟು ಜಾಕಿಗಳ ಬಾಡಿಗೆ, ಎಲ್ಲಾ ಸೇರಿ. 5 ದಿನಕ್ಕೆ 32,500. ಇಲ್ಲೂ ಎರಡು ಸಲ ಎಣಿಸುವ ಅಪಾಯ ಇದೆ. ಕಾಂಕ್ರೀಟ್, ಅಗೆತದ ದರದೊಳಗೆ ಹಾಕಿದ ಶೇಕಡಾ 15ರಲ್ಲಿ ಸೈಟ್ ಖರ್ಚಿನ ಪಾಲು ಆಗಲೇ ಇದೆ. ನಮ್ಮ ಟೆಂಡರಿನ ವಿಂಗಡಣೆಯಲ್ಲಿ ಅದು ಶೇಕಡಾ 5. ಶೇಕಡಾ 15 ಸೇರಿಸುವ ಮುಂಚೆ ಕಾಂಕ್ರೀಟ್ ಮತ್ತು ಅಗೆತದ ಮೂಲ ವೆಚ್ಚ 4,70,601ಕ್ಕೆ ಅದು 23,530 ಆಗುತ್ತೆ. ಕಳೆದರೆ ಉಳಿಯುವುದು 8,970. ಮೊದಲ ಹಾಳೆಯಲ್ಲಿ ಇದೇ ಸಾಲಿಗೆ 1,36,500 ಬರೆದಿದ್ದೆ.

ಎರಡನೇ ಸಲ

ಈ ಸಲ ಕೊಟ್ಟಿದ್ದು ಹನ್ನೊಂದು ಹಾಳೆ. ಮೊದಲ ಹಾಳೆ ಕಾರ್ಯದರ್ಶಿಗಳಿಗೆ: ಏನು ಬದಲಾಯಿತು, ಯಾಕೆ, ಎಷ್ಟು ಹಣ, ಎಷ್ಟು ದಿನ. ತಾಂತ್ರಿಕ ಪದ ಇಲ್ಲದೆ, ಅರ್ಧ ಪುಟ, ಕೆಳಗೆ ಆ ಅಡ್ಡಕೊಯ್ತದ ಚಿತ್ರ. ಉಳಿದ ಹತ್ತು ಅವರ ಎಂಜಿನಿಯರಿಗೆ. ಓದುವವರು ಇಬ್ಬರು, ಇಬ್ಬರಿಗೂ ಬೇಕಾದದ್ದು ಬೇರೆ. ಒಂದೇ ಬರಹದಲ್ಲಿ ಇಬ್ಬರನ್ನೂ ಒಪ್ಪಿಸಲು ಹೋಗಿ ಮೊದಲ ಸಲ ಇಬ್ಬರಿಗೂ ಏನೂ ಹೇಳಿರಲಿಲ್ಲ.

ಮೊತ್ತ 5,50,161. ಆ ನಾಲ್ಕು ಲೋಡು ಕಳೆದು 5,36,361ಕ್ಕೆ ಒಪ್ಪಿದರು, ಜಿಎಸ್‌ಟಿ ಬೇರೆ. ಅವಧಿ 9 ದಿನ ಪೂರ್ತಿ ಕೊಟ್ಟರು. ಚರ್ಚೆ ನಡೆದಿದ್ದು ಒಂದು ಗಂಟೆಗೂ ಕಡಿಮೆ. ಸಹಿ ಹಾಕುವ ಮುಂಚೆ ಕಾರ್ಯದರ್ಶಿಗಳು ಫೋಟೋಗಳ ಪುಟಕ್ಕೆ ವಾಪಸ್ ಹೋದರು. ಏಳನೇ ನಂಬರ್ ಗುಂಡಿಯ ಫೋಟೋದಲ್ಲಿ ಸ್ಟಾಫಿನ ಪಕ್ಕ ಹೆಂಚಿನ ಚೂರು, ಒಂದು ಹರಿದ ನೀಲಿ ಚೀಲ ಕಾಣುತ್ತಿತ್ತು. ಅದರ ಮೇಲೆ ಬೆರಳಿಟ್ಟು, "ಇದ್ರ ಮೇಲೆ ಮಕ್ಕಳನ್ನ ಕೂರಿಸ್ತಿದ್ವಲ್ರೀ" ಅಂದರು. ಅವರ ಮೊದಲ ಪ್ರಶ್ನೆಗೆ ಉತ್ತರ ಅವರಿಗೇ ಸಿಕ್ಕಿತ್ತು. ನಾನು ಏನೂ ಸೇರಿಸಲಿಲ್ಲ.

ಎರಡು ವರ್ಷದ ನಂತರ ಅದೇ ಟ್ರಸ್ಟು ಪಕ್ಕದ ಜಾಗದಲ್ಲಿ ಇನ್ನೊಂದು ಬ್ಲಾಕ್ ಕಟ್ಟಿಸಿತು. ಟೆಂಡರ್ ಕಾಗದ ಬಂದಾಗ ನೋಡಿದೆ, ಈ ಸಲ ಐದು ಬೋರ್ ಹಾಕಿಸಿದ್ದರು, ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು. ಅಗೆತಕ್ಕೆ ಒಂದೂವರೆ, ಮೂರು, ನಾಲ್ಕೂವರೆ ಮೀಟರ್ ಅಂತ ಮೂರು ಸಾಲು ಬೇರೆ ಬೇರೆ ದರ ಕೇಳಿದ್ದರು. ಕೆಳಗೆ ಕಾರ್ಯದರ್ಶಿಗಳ ಕೈಬರಹದಲ್ಲಿ ಒಂದು ಸಾಲು ಸೇರಿತ್ತು: ಎಲ್ಲ ಲೋಡಿನ ಚೀಟಿಗೂ ಅದೇ ದಿನ ಎರಡೂ ಕಡೆಯ ಸಹಿ.